ನಿಮಗಿದು ಗೊತ್ತೆ? ಕಂಬದ ಬಿರುಕಿನ ಹಿಂದೆ ತುಕ್ಕು

ಕರಾವಳಿಯ ಹಳೆಯ ಆರ್‌ಸಿಸಿ ಮನೆಗಳಲ್ಲಿ ಕಂಬದ ಮೂಲೆಗುಂಟ ಮೇಲಿಂದ ಕೆಳಕ್ಕೆ ನೇರ ಓಡುವ ಬಿರುಕಿಗೆ ಸಾಮಾನ್ಯವಾಗಿ ಒಳಗಿನ ಕಬ್ಬಿಣವೇ ಕಾರಣ. ಉಪ್ಪು ಬೆರೆತ ತೇವ ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಒಡೆದು ಹೊರತಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಲ್ಲಿ ಟೊಳ್ಳು ಸದ್ದು ಬರುತ್ತದೆ.

ಇಂಥ ಬಿರುಕಿನ ಮೇಲೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದೇ ನಮ್ಮ ರೂಢಿ. ಒಳಗಿನ ತುಕ್ಕು ನಿಲ್ಲದ ಕಾರಣ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಬರೀ ಎಪಾಕ್ಸಿ ತುಂಬಿದರೂ ಅಷ್ಟೆ. ಸಡಿಲ ಕಾಂಕ್ರೀಟ್ ಕೆತ್ತಿ, ಸರಳಿನ ಹಿಂದೆಯೂ ಸುಮಾರು 20 ಮಿ.ಮೀ. ಬಿಡಿಸಿ, ತುಕ್ಕು ಪೂರ್ತಿ ಉಜ್ಜಿ ತೆಗೆದು, ತುಕ್ಕುನಿರೋಧಕ ಬಳಿದು, ಪಾಲಿಮರ್ ಗಾರೆ ತುಂಬಬೇಕು. ಆದರೆ ಭಾರ ಹೊತ್ತ ಕಂಬವನ್ನು ಕೆತ್ತುವ ಮೊದಲು ಆಸರೆ ಬೇಕು. ಅದು ಎಲ್ಲಿ, ಎಷ್ಟು ಎಂದು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಮೇಸ್ತ್ರಿಯಲ್ಲ. ಸವೆದ ಸರಳಿಗೆ ಹೊಸದನ್ನು ಜೋಡಿಸಬೇಕೇ ಎಂಬುದೂ ಅವರದೇ ಲೆಕ್ಕ.

ಬೀಮಿನ ತುದಿಯಲ್ಲಿ, ಕಂಬದ ಬಳಿ, ಓರೆಯಾಗಿ ಏರುವ ಬಿರುಕು ಕಂಡರೆ ಮಾತ್ರ ತಟ್ಟಿ ನೋಡುತ್ತ ಕೂರಬೇಡಿ. ಅದರಡಿ ಓಡಾಟ ನಿಲ್ಲಿಸಿ, ಅಂದೇ ಎಂಜಿನಿಯರನ್ನು ಕರೆಸಿ.