ಹೊಸ ನಾಯಿಮರಿಯ ಮೊದಲ ರಾತ್ರಿ: ಅಳುವಿಗೆ ಕಿವಿಗೊಡಬೇಕೇ, ಬೇಡವೇ?

ಸಂಜೆಯೆಲ್ಲ ಮನೆಮಂದಿಯ ಮಡಿಲಿನಿಂದ ಮಡಿಲಿಗೆ ಓಡಾಡಿದ ನಾಯಿಮರಿ ದೀಪ ಆರಿಸಿದ ಹತ್ತು ನಿಮಿಷಕ್ಕೆ ಅಳಲು ಆರಂಭಿಸುತ್ತದೆ. ಮೊದಲು ಸಣ್ಣಗೆ ಕುಂಯ್‌ಗುಟ್ಟುತ್ತದೆ, ಬಳಿಕ ಊಳಿಡುತ್ತದೆ. ಮಕ್ಕಳಿಗೆ ಬೆಳಿಗ್ಗೆ ಶಾಲೆಯಿದೆ. ಪಕ್ಕದ ಮನೆಯವರು ಏನೆನ್ನುವರೋ ಎಂಬ ಚಿಂತೆ ಬೇರೆ. ಮಧ್ಯರಾತ್ರಿಯ ಹೊತ್ತಿಗೆ ತಾಳ್ಮೆಗೆಟ್ಟ ಯಾರಾದರೊಬ್ಬರು ಮರಿಯನ್ನು ಬಚ್ಚಲುಮನೆಗೋ ಬಾಲ್ಕನಿಗೋ ಸೇರಿಸಿ ಬಾಗಿಲು ಹಾಕಿಬಿಡುತ್ತಾರೆ. 'ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ' ಎಂಬ ಹಳೆಯ ಮಾತು ಇದಕ್ಕೆ ಸಮರ್ಥನೆ.

ಮರಿ ಸುಮ್ಮನಾಗುವುದು ನಿಜ. ಆದರೆ ಅದು ಸಮಾಧಾನದಿಂದಲ್ಲ, ದಣಿವಿನಿಂದ. ಹಿಂದಿನ ರಾತ್ರಿಯವರೆಗೆ ಅದು ತಾಯಿಯ ಹೊಟ್ಟೆಗೂ ಒಡಹುಟ್ಟಿದ ಮರಿಗಳಿಗೂ ಒತ್ತಿಕೊಂಡು ಮಲಗಿತ್ತು. ಆ ಬಿಸುಪು, ವಾಸನೆ, ಉಸಿರಾಟದ ಸದ್ದು ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾಗಿವೆ. ಗುಂಪಿನಿಂದ ಬೇರ್ಪಟ್ಟ ಮರಿ ಕೂಗಿ ಕರೆಯುವುದು ಪ್ರಕೃತಿ ಸಹಜ ನಡವಳಿಕೆ, ಅದು ಹಟವಲ್ಲ. ಅಂದು ಒಂಟಿಯಾಗಿ ಕೂಡಿಹಾಕಿದರೆ ಕತ್ತಲೆಂದರೆ, ಮುಚ್ಚಿದ ಬಾಗಿಲೆಂದರೆ ಭಯ ಎಂಬ ಪಾಠವನ್ನೇ ಅದು ಕಲಿಯುವ ಸಾಧ್ಯತೆ ಹೆಚ್ಚು.

ಮರಿ ಬರುವ ಮುನ್ನ

ಸಿದ್ಧತೆ ಆರಂಭವಾಗಬೇಕಾದುದು ಮರಿಯ ವಯಸ್ಸಿನಿಂದ. ಎಂಟು ವಾರ ತುಂಬದ ಮರಿಗಳನ್ನು ಮಾರುವುದನ್ನು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳು ನಿಷೇಧಿಸಿವೆ. ಐದಾರು ವಾರಕ್ಕೇ ತಾಯಿಯಿಂದ ಬೇರ್ಪಟ್ಟ ಮರಿಗೆ ಮೊದಲ ರಾತ್ರಿ ಇನ್ನಷ್ಟು ಕಠಿಣ.

ಮರಿಯನ್ನು ತರುವ ಎರಡು ಮೂರು ದಿನ ಮುಂಚೆ ಒಂದು ಹಳೆಯ ಟವೆಲನ್ನು ಕೊಟ್ಟು, ಅದನ್ನು ತಾಯಿ ಮತ್ತು ಮರಿಗಳು ಮಲಗುವ ಜಾಗದಲ್ಲಿ ಹಾಸಲು ಹೇಳಿ. ಮರಿಯೊಂದಿಗೆ ಆ ಟವೆಲನ್ನು ಒಗೆಯದೆ ಮನೆಗೆ ತನ್ನಿ. ಪರಿಚಿತ ವಾಸನೆಯುಳ್ಳ ವಸ್ತು ಹೊಸ ಮನೆಯಲ್ಲಿ ಅದೊಂದೇ. ಮರಿ ಈವರೆಗೆ ತಿನ್ನುತ್ತಿದ್ದ ಆಹಾರವನ್ನೂ ಒಂದು ವಾರಕ್ಕಾಗುವಷ್ಟು ಕೇಳಿ ಪಡೆಯಿರಿ. ಬಂದ ದಿನವೇ ಆಹಾರ ಬದಲಿಸಿದರೆ ಅಥವಾ ಅಕ್ಕರೆಯಿಂದ ಬಟ್ಟಲು ತುಂಬ ಹಸುವಿನ ಹಾಲು ಕುಡಿಸಿದರೆ ರಾತ್ರಿ ಭೇದಿಯಾಗುವ ಸಂಭವವಿದೆ. ಹೊಸ ಆಹಾರವನ್ನು ಆರೇಳು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ರೂಢಿ ಮಾಡಿಸಬೇಕು.

ಉಳಿದಂತೆ ದುಬಾರಿ ವಸ್ತುಗಳೇನೂ ಬೇಕಿಲ್ಲ. ಮರಿ ಹೊರಗೆ ಹತ್ತಿ ಬರಲಾರದಷ್ಟು ಎತ್ತರದ ಗಟ್ಟಿ ರಟ್ಟಿನ ಪೆಟ್ಟಿಗೆ, ಹಾಸಲು ಹಳೆಯ ಹತ್ತಿ ಬಟ್ಟೆ, ಒಂದು ಕಟ್ಟು ಹಳೆಯ ದಿನಪತ್ರಿಕೆ, ಎರಡು ಸ್ಟೀಲ್ ಬಟ್ಟಲು ಮತ್ತು ಒಂದು ಬಿಸಿನೀರಿನ ಚೀಲ ಇದ್ದರೆ ಸಾಕು. ಮರಿ ನಿಂತು ತಿರುಗಿ ಕಾಲು ಚಾಚಿ ಮಲಗುವಷ್ಟು ಜಾಗ ಪೆಟ್ಟಿಗೆಯಲ್ಲಿರಲಿ. ಅದಕ್ಕಿಂತ ತೀರ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮೂತ್ರ ಮಾಡುತ್ತದೆ.

ಮಲಗುವ ಜಾಗ ಎಲ್ಲಿ?

ಮೊದಲ ಕೆಲವು ರಾತ್ರಿ ಪೆಟ್ಟಿಗೆ ಇರಬೇಕಾದುದು ನಿಮ್ಮ ಹಾಸಿಗೆಯ ಪಕ್ಕದಲ್ಲಿ, ಮಲಗಿದಲ್ಲಿಂದಲೇ ಕೈ ಎಟುಕುವಷ್ಟು ಹತ್ತಿರದಲ್ಲಿ. ಮುಂದೆ ಮರಿ ಹಜಾರದಲ್ಲೇ ಮಲಗಬೇಕೆಂಬ ಇಚ್ಛೆ ನಿಮಗಿದ್ದರೂ ಆರಂಭ ಇಲ್ಲಿಂದಲೇ ಆಗಲಿ. ಫ್ಯಾನಿನ ನೇರ ಗಾಳಿ ಬೇಡ. ಚಳಿಗಾಲವಾದರೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಕೆ ಎನಿಸಿದಾಗ ಮರಿ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು.

ರಾತ್ರಿಯ ಲೆಕ್ಕಾಚಾರ

ಮೂರನೇ ಮಹಡಿಯ ಫ್ಲ್ಯಾಟೊಂದಕ್ಕೆ ಎಂಟು ವಾರದ ಲ್ಯಾಬ್ರಡಾರ್ ಮರಿ ಬಂದಿದೆ ಎಂದುಕೊಳ್ಳೋಣ. ಈ ವಯಸ್ಸಿನ ಮರಿ ರಾತ್ರಿ ಮೂತ್ರ ತಡೆದುಕೊಳ್ಳಬಲ್ಲುದು ಎರಡರಿಂದ ಮೂರು ಗಂಟೆ ಮಾತ್ರ. ಆದ್ದರಿಂದ ಕೊನೆಯ ಊಟ 7.30ಕ್ಕೆ ಮುಗಿಯಲಿ. ನೀರನ್ನು ಮಾತ್ರ ತಡೆಯಬಾರದು. 9.30ರವರೆಗೆ ಮೆಲ್ಲನೆಯ ಆಟವಿರಲಿ. 10.30ಕ್ಕೆ ಬಾಲ್ಕನಿಯಲ್ಲಿ ಹಾಸಿದ ದಿನಪತ್ರಿಕೆಯ ಮೇಲೆ ನಿಲ್ಲಿಸಿ ಮೂತ್ರ ಮಾಡಿಸಿ, ಬಳಿಕ ಪೆಟ್ಟಿಗೆಗೆ ಬಿಡಿ. ಲಸಿಕೆಗಳು ಪೂರ್ಣಗೊಳ್ಳದ ಮರಿಯನ್ನು ಬೀದಿಗೆ ಅಥವಾ ಉದ್ಯಾನಕ್ಕೆ ಇಳಿಸುವುದು ಅಪಾಯಕಾರಿ. ಪ್ರಾಣಾಂತಕ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದು.

10.45ಕ್ಕೆ ಅಳು ಆರಂಭವಾಯಿತು ಎನ್ನಿ. ಈಗಷ್ಟೇ ಮೂತ್ರವಾಗಿದೆ, ಹೊಟ್ಟೆ ತುಂಬಿದೆ. ಇದು ಒಂಟಿತನದ ಅಳು. ಪೆಟ್ಟಿಗೆಯೊಳಗೆ ಕೈ ಇಳಿಬಿಡಿ. ಮಾತು, ಮುದ್ದು, ದೀಪ ಯಾವುದೂ ಬೇಡ. ಬೆರಳನ್ನು ಮೂಸಿ, ಅದಕ್ಕೆ ಒರಗಿ ಮರಿ ನಿದ್ದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅತ್ತರೆ ಇದೇ ಕ್ರಮ.

1.30ಕ್ಕೆ ಕೇಳಿಬರುವ ಅಳು ಬೇರೆ ಬಗೆಯದು. ಆಳವಾಗಿ ನಿದ್ರಿಸುತ್ತಿದ್ದ ಮರಿ ಥಟ್ಟನೆ ಎದ್ದು ನೆಲ ಮೂಸುತ್ತದೆ, ಸುತ್ತು ಹಾಕುತ್ತದೆ, ಪೆಟ್ಟಿಗೆಯನ್ನು ಕೆರೆಯುತ್ತದೆ. ಇದು ಮೂತ್ರದ ಅವಸರ. ನಡೆಸದೆ ಎತ್ತಿಕೊಂಡೇ ಬಾಲ್ಕನಿಗೆ ಒಯ್ಯಿರಿ, ಇಲ್ಲವಾದರೆ ದಾರಿಯಲ್ಲೇ ಮುಗಿಸುತ್ತದೆ. ಕೆಲಸವಾದೊಡನೆ ಮೆಲುದನಿಯಲ್ಲಿ ಒಂದು ಮೆಚ್ಚುಗೆಯ ಮಾತು ಹೇಳಿ ನೇರ ಪೆಟ್ಟಿಗೆಗೆ ತನ್ನಿ. ಈ ಹೊತ್ತಿನಲ್ಲಿ ಆಟವಾಡಿಸಿದರೆ ನಾಳೆ ರಾತ್ರಿ 1.30ಕ್ಕೆ ಮರಿ ಆಟಕ್ಕಾಗಿಯೇ ಎಬ್ಬಿಸುತ್ತದೆ. 4.30ರ ಸುಮಾರಿಗೆ ಮತ್ತೊಮ್ಮೆ ಇದೇ ಕೆಲಸ.

ಮನೆಯೊಳಗೆ ಮೂತ್ರವಾಗಿದ್ದರೆ ಗದರುವುದು, ಮೂತಿ ಒತ್ತುವುದು ವ್ಯರ್ಥ. ನಿಮ್ಮ ಕಣ್ಣಿಗೆ ಬೀಳದಂತೆ ಮಾಡಬೇಕೆಂಬುದನ್ನಷ್ಟೇ ಮರಿ ಅದರಿಂದ ಕಲಿಯುತ್ತದೆ. ನೆಲಕ್ಕೆ ಫಿನಾಯಿಲ್ ಬಳಸಬೇಡಿ. ಅದು ಪಾದಕ್ಕೆ ತಾಗಿ ನೆಕ್ಕಿದರೆ ಮರಿಗೆ ವಿಷ. ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿದರೆ ವಾಸನೆ ತಗ್ಗುತ್ತದೆ.

ಅಳು ಕಾಯಿಲೆಯದಾದರೆ

ಕೈ ಇಟ್ಟರೂ, ಮೂತ್ರ ಮಾಡಿಸಿದರೂ ನಿಲ್ಲದ ಅಳುವನ್ನು ಕಡೆಗಣಿಸಬಾರದು. ಹೊಟ್ಟೆ ಬಿಗಿದು ಉಬ್ಬಿದ್ದರೆ, ಪದೇ ಪದೇ ವಾಂತಿ ಅಥವಾ ರಕ್ತಭೇದಿಯಾದರೆ, ವಸಡು ಬಿಳಿಚಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಅಳುತ್ತಿದ್ದ ಮರಿ ಒಮ್ಮೆಲೇ ಮಂಕಾಗಿ ತೂರಾಡುವುದು, ನಡುಗುವುದು ಅಳುವಿಗಿಂತಲೂ ಅಪಾಯದ ಸೂಚನೆ. ಚಿಹುವಾಹುವಾ, ಪೊಮೆರೇನಿಯನ್‌ನಂಥ ಪುಟ್ಟ ತಳಿಯ ಮರಿಗಳಲ್ಲಿ ದಣಿವು ಮತ್ತು ಉಪವಾಸದಿಂದ ರಕ್ತದ ಸಕ್ಕರೆ ಅಂಶ ಕುಸಿದಾಗ ಹೀಗಾಗುತ್ತದೆ. ಸ್ವಲ್ಪ ಜೇನುತುಪ್ಪವನ್ನು ವಸಡಿಗೆ ಸವರಿ ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಬೇಕು. ಆದ್ದರಿಂದ ರಾತ್ರಿಯೂ ತೆರೆದಿರುವ ಪಶು ಚಿಕಿತ್ಸಾಲಯದ ದೂರವಾಣಿ ಸಂಖ್ಯೆಯನ್ನು ಮರಿ ಬರುವ ಮುನ್ನವೇ ಬರೆದಿಟ್ಟುಕೊಳ್ಳುವುದು ಒಳಿತು.

ಹೆಚ್ಚಿನ ಮರಿಗಳ ಅಳು ಮೂರು ನಾಲ್ಕು ರಾತ್ರಿಗಳಲ್ಲಿ ತಗ್ಗತೊಡಗುತ್ತದೆ. ಆ ಬಳಿಕ ಪೆಟ್ಟಿಗೆಯನ್ನು ಪ್ರತಿ ರಾತ್ರಿ ಒಂದೆರಡು ಅಡಿಯಷ್ಟು ಬಾಗಿಲ ಕಡೆಗೆ ಸರಿಸುತ್ತಾ ಹೋಗಿ. ಅಳು ಮರುಕಳಿಸಿದರೆ ಹಿಂದಿನ ರಾತ್ರಿಯ ಜಾಗಕ್ಕೇ ಮರಳಿ. ಹೀಗೆ ಎರಡು ವಾರಗಳಲ್ಲಿ ಪೆಟ್ಟಿಗೆ ಹಜಾರ ಸೇರಬಹುದು. ರಾತ್ರಿ ಎಬ್ಬಿಸುವುದು ಮಾತ್ರ ಇನ್ನೂ ಕೆಲವು ವಾರ ತಪ್ಪದು. ಅದಕ್ಕೆ ಕಾರಣ ಮರಿಯ ಮನಸ್ಸಲ್ಲ, ಅದರ ಪುಟ್ಟ ಮೂತ್ರಕೋಶ.