ರಾತ್ರಿ ಉಂಡ ಅನ್ನ ಬೆಳಿಗ್ಗೆಯೂ ಹೊಟ್ಟೆಯಲ್ಲೇ

52 ವರ್ಷದ ಒಬ್ಬ ಗೃಹಿಣಿ ಎಂದುಕೊಳ್ಳಿ. ಸಕ್ಕರೆ ಕಾಯಿಲೆ ಬಂದು 20 ವರ್ಷ ಆಗಿದೆ. ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ಬಿಗಿಯುತ್ತದೆ, ದಿನವೆಲ್ಲ ಓಕರಿಕೆ. ಮನೆಯವರು ‘ಗ್ಯಾಸ್ಟ್ರಿಕ್’ ಎಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡುತ್ತಾರೆ. ಒಂದು ಬೆಳಿಗ್ಗೆ ವಾಂತಿಯಾದಾಗ ಅದರಲ್ಲಿ ಹಿಂದಿನ ರಾತ್ರಿಯ ಹುಳಿಯ ಬೀನ್ಸ್ ಚೂರುಗಳು ಹಾಗೇ ಕಾಣುತ್ತವೆ.

ಗ್ಲೂಕೋಮೀಟರ್ ಇನ್ನೂ ವಿಚಿತ್ರ ಲೆಕ್ಕ ತೋರಿಸುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ಉಂಡ ಒಂದು ಗಂಟೆಗೆ ಬೆವರು, ನಡುಕ, ಸಕ್ಕರೆ 58. ಐದು ಗಂಟೆ ಕಳೆದ ಮೇಲೆ ಅದೇ ಸಕ್ಕರೆ 290. ಕದ್ದು ಸಿಹಿ ತಿಂದಿರಬೇಕು ಎಂದು ಮನೆಯವರಿಗೆ ಅನುಮಾನ. ಪಾಪ, ಆಕೆ ಏನೂ ತಿಂದಿಲ್ಲ. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡಿತು, ಅನ್ನ ಮಾತ್ರ ಜಠರ ಬಿಟ್ಟು ಹೊರಡಲೇ ಇಲ್ಲ. ಕೊನೆಗೆ ಅದು ಕರುಳಿಗೆ ಇಳಿಯುವಾಗ ಇನ್ಸುಲಿನ್ನಿನ ಕಸುವು ಮುಗಿದಿತ್ತು.

ಇದು ಗ್ಯಾಸ್ಟ್ರೋಪರೇಸಿಸ್. ಜಠರದ ಕೆಳಭಾಗ ಆಹಾರವನ್ನು ಅರೆಯುವ ಒರಳಿದ್ದಂತೆ. ಚೂರುಗಳು ಒಂದೆರಡು ಮಿಲಿಮೀಟರಿನಷ್ಟು ಸಣ್ಣದಾಗುವವರೆಗೆ ಅರೆದು, ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಈ ಕೆಲಸ ನಡೆಸುವುದು ವೇಗಸ್ ನರ ಮತ್ತು ಜಠರದ ಗೋಡೆಯಲ್ಲೇ ಇದ್ದು ತಾಳ ಹಾಕುವ ಕಾಹಾಲ್ ಕೋಶಗಳು. ವರ್ಷಾನುಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ಎರಡನ್ನೂ ಕೆಡಿಸುತ್ತದೆ. ಆಗ ಅರೆಯುವುದೂ ನಿಧಾನ, ತಳ್ಳುವುದೂ ನಿಧಾನ. ನೀರು, ಗಂಜಿ ಮಾತ್ರ ಅನೇಕರಲ್ಲಿ ಸಲೀಸಾಗಿ ಇಳಿಯುತ್ತವೆ.

ಲಕ್ಷಣ ನೋಡಿ ಇದೇ ಎಂದು ಹೇಳಿಬಿಡುವಂತಿಲ್ಲ. ಹುಣ್ಣು, ಗಂಟು ಅಡ್ಡ ಬಂದಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಮೊದಲು ಎಂಡೋಸ್ಕೋಪಿ. ದಾರಿಯಲ್ಲಿ ಅಡ್ಡಿಯಿಲ್ಲ ಎಂದು ಖಚಿತವಾದ ಮೇಲೆ ಜಠರ ಖಾಲಿಯಾಗುವ ವೇಗವನ್ನು ಅಳೆಯುತ್ತಾರೆ. ಅಮೆರಿಕದಲ್ಲಿ ರೂಢಿಯಾದ ಪರೀಕ್ಷಾ ಊಟವೆಂದರೆ ಮೊಟ್ಟೆಯ ಬಿಳಿಭಾಗ, ಎರಡು ತುಂಡು ಬ್ರೆಡ್, ಜಾಮ್, ನೀರು. ಒಟ್ಟು 255 ಕ್ಯಾಲೊರಿ. ಮೊಟ್ಟೆಗೆ ಅತಿ ಕಡಿಮೆ ಪ್ರಮಾಣದ ವಿಕಿರಣಶೀಲ ಟೆಕ್ನೀಶಿಯಂ ಬೆರೆಸಿರುತ್ತಾರೆ. ಮೊಟ್ಟೆ ತಿನ್ನದವರಿಗಾಗಿ ನಮ್ಮ ದೇಶದಲ್ಲಿ ಇಡ್ಲಿಯನ್ನೂ ಬಳಸಿದ್ದಾರೆ. ತಿಂದ ಕೂಡಲೇ, ಆಮೇಲೆ 1, 2 ಮತ್ತು 4 ಗಂಟೆಗೆ ಕ್ಯಾಮೆರಾ ಮುಂದೆ ನಿಲ್ಲಿಸಿ ಹೊಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ಎಣಿಸುತ್ತಾರೆ. ಮೊಟ್ಟೆಯ ಊಟದ ಲೆಕ್ಕದಲ್ಲಿ 4 ಗಂಟೆಗೆ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಎಂದರ್ಥ. ಬೇರೆ ಊಟಕ್ಕೆ ಅದರದೇ ಅಳತೆಗೋಲು ಬೇಕು. ನಮ್ಮ ಗೃಹಿಣಿಗೆ ಶೇ 31 ಉಳಿದಿತ್ತು ಎನ್ನೋಣ. ಅದು ಮಧ್ಯಮ ತೀವ್ರತೆ.

ಈ ಪರೀಕ್ಷೆ ದಾರಿತಪ್ಪಿಸುವುದೂ ಉಂಟು. ಅಂದು ಸಕ್ಕರೆ ವಿಪರೀತ ಏರಿದ್ದರೆ ಅದರಿಂದಲೇ ಜಠರ ನಿಧಾನವಾಗುತ್ತದೆ, 275ಕ್ಕಿಂತ ಕೆಳಗಿರಬೇಕು. ಅಫೀಮು ಜಾತಿಯ ನೋವಿನ ಮಾತ್ರೆ, ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಕೂಡ ಹಾಗೇ ಮಾಡುತ್ತವೆ. ಎರಡು ಗಂಟೆಗೇ ಮುಗಿಸಿ ಕಳಿಸಿದ ವರದಿಯನ್ನು ನಂಬಿ ಕೂರಬಾರದು. ತಡ ಗೊತ್ತಾಗುವುದು ಬಹಳ ಸಲ ನಾಲ್ಕನೇ ಗಂಟೆಯಲ್ಲೇ.

ಚಿಕಿತ್ಸೆ ಅಡುಗೆಮನೆಯಿಂದ ಶುರು. ಜಠರಕ್ಕೆ ಅರೆಯಲಾಗದಿದ್ದರೆ ಮಿಕ್ಸಿ ಅರೆಯಲಿ. 2014ರಲ್ಲಿ ಸ್ವೀಡನ್ನಿನಲ್ಲಿ ಮಧುಮೇಹಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಸಣ್ಣ ಕಣಗಳ ಊಟ ಮಾಡಿದವರಿಗೆ ಓಕರಿಕೆ, ವಾಂತಿ, ಹೊಟ್ಟೆಯುಬ್ಬರ ಕಡಿಮೆಯಾಯಿತು. ಮಾಡುವುದು ಇಷ್ಟೇ: ಮುಳ್ಳುಚಮಚದಿಂದ ಒತ್ತಿದರೆ ಬೇಯಿಸಿ ಹಿಸುಕಿದ ಆಲೂಗೆಡ್ಡೆಯಂತಾಗುವ ಆಹಾರ ತಿನ್ನುವುದು. ಮೆತ್ತಗೆ ಬೆಂದ ಅನ್ನ, ತೊವ್ವೆ, ಸಿಪ್ಪೆ ತೆಗೆದ ಕುಂಬಳ, ಕೆನೆ ತೆಗೆದ ಮೊಸರು ಆಗುತ್ತವೆ. ನಾರಿನ ಸೊಪ್ಪು, ಹಸಿ ತರಕಾರಿ, ಕಿತ್ತಳೆಯ ತೊಳೆ, ಕರಿದ ತಿಂಡಿ ಬೇಡ. ಮಧುಮೇಹಿಗೆ ಇಷ್ಟು ದಿನ ‘ನಾರು ಹೆಚ್ಚು ತಿನ್ನಿ’ ಎಂದ ಉಪದೇಶವೇ ಇಲ್ಲಿ ತಿರುಗಿಬೀಳುತ್ತದೆ. ನಾರು ಗಂಟುಗಟ್ಟಿ ಹೊಟ್ಟೆಯಲ್ಲೇ ಉಂಡೆಯಾಗಬಹುದು. ಮೂರು ಹೊತ್ತಿನ ಊಟವನ್ನು ಐದಾರು ಸಲಕ್ಕೆ ಹಂಚಬೇಕು. ಇನ್ಸುಲಿನ್ನನ್ನು ಊಟದ ನಂತರಕ್ಕೆ ಸರಿಸಬೇಕೇ ಎಂದು ವೈದ್ಯರು ಆಕೆಯ ಗ್ಲೂಕೋಮೀಟರ್ ಪಟ್ಟಿ ನೋಡಿ ನಿರ್ಧರಿಸುತ್ತಾರೆ. ಸಕ್ಕರೆ ಕುಸಿದಾಗ ಬಿಸ್ಕತ್ತು ನಂಬಬಾರದು, ಗ್ಲೂಕೋಸ್ ಕರಗಿಸಿದ ನೀರೇ ಬೇಗ ಇಳಿಯುವುದು.

ಇಷ್ಟಕ್ಕೂ ಬಗ್ಗದಿದ್ದರೆ ಜಠರವನ್ನು ತಳ್ಳುವ ಔಷಧಗಳು. ಊಟಕ್ಕೆ ಅರ್ಧ ಗಂಟೆ ಮೊದಲು ಮೆಟೊಕ್ಲೊಪ್ರಮೈಡ್ 5 ಅಥವಾ 10 ಮಿಲಿಗ್ರಾಂ ಕೊಡುವುದುಂಟು. ಅದು ಮಿದುಳಿಗೂ ಹೋಗುತ್ತದೆ. 12 ವಾರ ಮೀರಿದರೆ ತುಟಿ, ನಾಲಿಗೆ ತಾವಾಗಿಯೇ ಆಡುತ್ತಿರುವ, ಮಾತ್ರೆ ಬಿಟ್ಟರೂ ಹೋಗದಿರಬಹುದಾದ ತೊಂದರೆಯ ಭಯವಿದೆ ಎಂದು 2009ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಡೊಂಪೆರಿಡೋನ್ ಮಿದುಳಿಗೆ ಹೋಗುವುದು ಕಡಿಮೆ, ಆದರೆ ಹೃದಯದ ಲಯ ಕೆಡಿಸಬಲ್ಲದು. ಮೊದಲು ಇಸಿಜಿ ಬೇಕು. ಎರಿಥ್ರೊಮೈಸಿನ್ ಆ್ಯಂಟಿಬಯಾಟಿಕ್ ಸಣ್ಣ ಪ್ರಮಾಣದಲ್ಲಿ ಜಠರವನ್ನು ಜೋರಾಗಿಯೇ ಹಿಂಡುತ್ತದೆ, ಕೆಲವೇ ವಾರಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅದೂ ಡೊಂಪೆರಿಡೋನೂ ಜೊತೆಯಾದರೆ ಹೃದಯಕ್ಕೆ ಅಪಾಯ ಹೆಚ್ಚು.

ಆ ಗೃಹಿಣಿಯ ‘ಗ್ಯಾಸ್ಟ್ರಿಕ್’ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇರಬಹುದು. ಲೆವೊಸಲ್ಪಿರೈಡನ್ನು ತಿಂಗಳುಗಟ್ಟಲೆ ನುಂಗಿದ ಕೆಲವು ಹಿರಿಯರಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥದೇ ಕೈನಡುಕ, ನಡಿಗೆಯಲ್ಲಿ ಬಿಗಿತ ಬರುತ್ತದೆ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಮೊದಲು ಆ ಪಟ್ಟಿಯನ್ನು ವೈದ್ಯರ ಮೇಜಿನ ಮೇಲಿಡಬೇಕು.