ಜಾರುವ ಕನ್ನಡಕದ ಗುಟ್ಟು ಫೋಟೋದಲ್ಲಿ

ಕನ್ನಡಕ ಮೂಗಿನಿಂದ ಜಾರುತ್ತಿದ್ದರೆ ಕಡ್ಡಿಯನ್ನು ಕಿವಿಯ ಹಿಂದೆ ಇನ್ನಷ್ಟು ಬಗ್ಗಿಸಿಕೊಡಿ ಎಂದು ಅಂಗಡಿಯವರನ್ನು ಕೇಳುವುದು ರೂಢಿ. ಆದರೆ ಎಷ್ಟೋ ಸಲ ತಪ್ಪು ಕಿವಿಯದೂ ಅಲ್ಲ, ಮೂಗಿನದೂ ಅಲ್ಲ, ಫ್ರೇಮಿನ ಅಗಲದ್ದು. ಅದನ್ನು ಗುರುತಿಸಲು ಒಂದು ಒಳ್ಳೆಯ ಫೋಟೋ ಸಾಕು.

ಫೋಟೋವನ್ನು ಬೇರೆಯವರು ಒಂದೂವರೆ, ಎರಡು ಮೀಟರ್ ದೂರದಿಂದ, ಕ್ಯಾಮೆರಾವನ್ನು ಕಣ್ಣಿನ ಮಟ್ಟದಲ್ಲೇ ಹಿಡಿದು ತೆಗೆಯಬೇಕು. ಸೆಲ್ಫಿ ಬೇಡ. ತೀರಾ ಹತ್ತಿರದ ಚಿತ್ರದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಫೋನನ್ನು ಮೇಲೆತ್ತಿ ತೆಗೆದರಂತೂ ಸರಿಯಾಗಿ ಕೂತ ಕನ್ನಡಕವೂ ಜಾರಿದಂತೆಯೇ ತೋರುತ್ತದೆ.

ಪ್ರೊಗ್ರೆಸಿವ್ ಲೆನ್ಸ್ ಹಾಕಿಸಿಕೊಂಡ ಒಬ್ಬರನ್ನು ಊಹಿಸಿಕೊಳ್ಳಿ. ಓದಬೇಕಾದರೆ ಅವರು ಗಲ್ಲ ಎತ್ತಲೇಬೇಕು. ಕಡ್ಡಿಯ ಒಳಬದಿಯಲ್ಲಿ 50, 18, 140 ಎಂದಿದೆ: ಲೆನ್ಸಿನ ಅಗಲ, ಎರಡು ಲೆನ್ಸುಗಳ ನಡುವಿನ ಅಂತರ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಪ್ರಿಂಟ್ ಹಾಕಿಸಿದ ಫೋಟೋದಲ್ಲಿ ಲೆನ್ಸಿನ ಅಗಲ 100 ಮಿ.ಮೀ. ಬಂದರೆ ಚಿತ್ರ ಎರಡರಷ್ಟು ಹಿಗ್ಗಿದೆ ಎಂದರ್ಥ. ಕಣ್ಣಿನ ಪಾಪೆಯಿಂದ ಲೆನ್ಸಿನ ಕೆಳಅಂಚಿಗೆ ಸ್ಕೇಲಿಟ್ಟರೆ 46. ನಿಜವಾದ ಎತ್ತರ 23. ಅಂಗಡಿಯ ಚೀಟಿಯಲ್ಲಿ ಬರೆದಿದ್ದು 18. ಅಲ್ಲಿಗೆ ಕನ್ನಡಕ ಸುಮಾರು 5 ಮಿ.ಮೀ. ಕೆಳಗಿಳಿದಿದೆ, ಓದುವ ಭಾಗವೂ ಅದರ ಜೊತೆಗೇ ಇಳಿದಿದೆ. ಗಲ್ಲ ಏಳುವುದು ಅದಕ್ಕೇ.

ಇಳಿದದ್ದೇಕೆ? ಅದೇ ಚಿತ್ರದಲ್ಲಿ ಕಡ್ಡಿಗಳನ್ನು ನೋಡಿ. ಅವು ನೇರವಾಗಿ ಹಿಂದಕ್ಕೆ ಹೋಗದೆ ಹೊರಕ್ಕೆ ಅಗಲಿಸಿಕೊಂಡಿದ್ದರೆ ಫ್ರೇಮ್ ಮುಖಕ್ಕಿಂತ ಕಿರಿದು. ತಲೆ ಹಿಂದಕ್ಕೆ ಹೋದಂತೆ ಅಗಲವಾಗುವುದರಿಂದ, ಒದ್ದೆ ಸೋಪನ್ನು ಬೆರಳುಗಳಲ್ಲಿ ಒತ್ತಿದಾಗ ಚಿಮ್ಮುವ ಹಾಗೆ, ಬಿಗಿಯಾದ ಕಡ್ಡಿ ಕನ್ನಡಕವನ್ನು ಮುಂದಕ್ಕೇ ತಳ್ಳುತ್ತದೆ. ಮುಖದ ಅಗಲವನ್ನು ಮಾತ್ರ ಲೆನ್ಸಿನ ಮೂಲಕ ಅಂದಾಜು ಮಾಡಬಾರದು: ಮೈನಸ್ ಪವರ್ ಜಾಸ್ತಿಯಿದ್ದಾಗ ಕೆನ್ನೆಯ ಅಂಚು ಒಳಸರಿದಂತೆ ಕಾಣುತ್ತದೆ.

ಕೆಲವು ಗಂಟೆ ಹಾಕಿಕೊಂಡು, ತೆಗೆದ ಕೂಡಲೇ ಇನ್ನೊಂದು ಫೋಟೋ ತೆಗೆಯಿರಿ. ಮೂಗಿನ ಎರಡೂ ಬದಿ ತಿಳಿಗೆಂಪಿನ, ಒಂದೇ ಗಾತ್ರದ ಗುರುತಿದ್ದರೆ ಭಾರ ಸಮವಾಗಿ ಹಂಚಿದೆ. ಒಂದು ಬದಿ ಮಾತ್ರ ಆಳವಾಗಿದ್ದರೆ ಅಥವಾ ಉಗುರು ಒತ್ತಿದಂಥ ಗೆರೆಯಿದ್ದರೆ ಪ್ಯಾಡ್ ಪೂರ್ತಿ ಕೂರದೆ ಅಂಚಿನಲ್ಲಿ ಒತ್ತುತ್ತಿದೆ. ಅದನ್ನು ತಿರುಗಿಸಿದರೆ ಸಾಕು. ಮೂಗಿನ ಗುರುತು ತೆಳುವಾಗಿದ್ದು ಕಣತಲೆಯಲ್ಲಿ ಉದ್ದನೆಯ ಗೆರೆ ಮೂಡಿದ್ದರೆ ದೂರು ಅಗಲದ ಮೇಲೆಯೇ. ಆಗ ಕಿವಿಯ ಹಿಂದೆ ಬಗ್ಗಿಸಿದರೆ ಅಲ್ಲೂ ನೋವು ಶುರುವಾಗುತ್ತದೆ ಅಷ್ಟೇ.

ಅಂಗಡಿಯಲ್ಲಿ ಕಡ್ಡಿಗಳನ್ನು ಕೊಂಚ ಹೊರಕ್ಕೆ ತೆರೆಸಬಹುದು. ಅಷ್ಟಕ್ಕೂ ಬಗ್ಗದಿದ್ದರೆ ಅಗಲದ ಫ್ರೇಮೇ ಬೇಕು. ಫೋಟೋದ ಅಳತೆಯಿಂದ ಹೊಸ ಲೆನ್ಸ್ ಮಾತ್ರ ಮಾಡಿಸಬೇಡಿ. ಲೆನ್ಸ್ ಕಣ್ಣಿನಿಂದ ಎಷ್ಟು ದೂರವಿದೆ, ಎಷ್ಟು ಓರೆಯಾಗಿದೆ ಎಂಬುದು ಎದುರಿನ ಚಿತ್ರದಲ್ಲಿ ಕಾಣುವುದಿಲ್ಲ. ಹೊಸ ಫ್ರೇಮನ್ನು ಮೊದಲು ಮುಖಕ್ಕೆ ಹೊಂದಿಸಿ, ಆಮೇಲೆ ಪಾಪೆಯ ಎತ್ತರಕ್ಕೆ ಗುರುತು ಹಾಕಲು ಹೇಳಿ.